ಅಂಚೆ ಕಚೇರಿಯೋ, ಡೆಟ್ ಫಂಡೋ: ಒಂದು ಲಕ್ಷದ ಲೆಕ್ಕ

ಪ್ಲೇಸ್‌ಮೆಂಟ್ ಮುಗಿದು ಮೊದಲ ಸಂಬಳ ಕೈಗೆ ಬಂದ ಮೇಲೆ ಉಳಿತಾಯದ ಬಗ್ಗೆ ಎರಡು ಕಡೆಯಿಂದ ಸಲಹೆ ಬರುತ್ತೆ. ಮನೆಯವರು "ಅಂಚೆ ಕಚೇರೀಲಿ ಹಾಕು, ಸರ್ಕಾರದ್ದು" ಅಂತಾರೆ. ರೂಮ್‌ಮೇಟು "ಅದೆಲ್ಲಾ ಹಳೇ ಕಾಲದ್ದು, ಡೆಟ್ ಫಂಡ್ ತಗೋ, ಶೇರು ಮಾರ್ಕೆಟ್ ರಿಸ್ಕೂ ಇಲ್ಲ, ಯಾವಾಗ ಬೇಕಾದ್ರೂ ತೆಗೀಬಹುದು" ಅಂತಾನೆ. ಇಬ್ಬರ ಮಾತಲ್ಲೂ ಅರ್ಧರ್ಧ ನಿಜ ಇದೆ. ಇನ್ನರ್ಧ ಏನು ಅನ್ನೋದನ್ನ ಈ ಲೇಖನದಲ್ಲಿ ಲೆಕ್ಕ ಹಾಕಿಯೇ ನೋಡೋಣ.

ನಮ್ಮ ಲೆಕ್ಕಕ್ಕೆ ಒಬ್ಬಳು ಹುಡುಗಿ ಬೇಕು. ಶ್ರುತಿ ಅಂತ ಇಟ್ಕೊಳ್ಳೋಣ. ಈಗಷ್ಟೇ ಬಿಇ ಮುಗಿಸಿದ್ದಾಳೆ, ವರ್ಷಕ್ಕೆ 9 ಲಕ್ಷ ಸಂಬಳ. ಮೊದಲ ವರ್ಷದಲ್ಲಿ 1 ಲಕ್ಷ ಉಳಿಸಿದ್ದಾಳೆ. ಷೇರುಪೇಟೆಯ ಏರಿಳಿತ ಅವಳಿಗೆ ಬೇಡ. ಹಾಕಿದ ಅಸಲು ಹೋಗಬಾರದು, ಅದರ ಮೇಲೆ ಒಂದಿಷ್ಟು ಬರಬೇಕು, ಅಷ್ಟೇ. ಅವಳ ಮುಂದೆ ಮೂರು ಬಾಗಿಲಿವೆ. ಒಂದು, ಐದು ವರ್ಷದ ರಾಷ್ಟ್ರೀಯ ಉಳಿತಾಯ ಪತ್ರ, ಅಂದರೆ ಎನ್‌ಎಸ್‌ಸಿ. ಎರಡು, ಹದಿನೈದು ವರ್ಷದ ಪಿಪಿಎಫ್. ಮೂರು, ಡೆಟ್ ಫಂಡ್.

ಮೂರೂ ಸಾಲವೇ

ಮೊದಲು ಒಂದು ವಿಷಯ ಸ್ಪಷ್ಟವಾಗಲಿ. ಈ ಮೂರರಲ್ಲೂ ಶ್ರುತಿ ಮಾಡ್ತಾ ಇರೋದು ಒಂದೇ ಕೆಲಸ: ಸಾಲ ಕೊಡೋದು. ಎನ್‌ಎಸ್‌ಸಿ ಮತ್ತು ಪಿಪಿಎಫ್‌ನಲ್ಲಿ ನೇರವಾಗಿ ಕೇಂದ್ರ ಸರ್ಕಾರಕ್ಕೆ ಸಾಲ ಕೊಡ್ತಾಳೆ. ಬ್ಯಾಂಕ್ ಠೇವಣಿಗೆ ವಿಮೆ ಇರೋದು ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ 5 ಲಕ್ಷದವರೆಗೆ ಮಾತ್ರ. ಅಂಚೆ ಕಚೇರಿಯ ಉಳಿತಾಯಕ್ಕೆ ಅಂಥ ಮಿತಿ ಇಲ್ಲ, ಪೂರ್ತಿ ಹಣಕ್ಕೆ ಸರ್ಕಾರವೇ ಹೊಣೆ.

ಡೆಟ್ ಫಂಡಿನಲ್ಲಿ ಸಾಲ ಪಡೆಯೋರು ಬೇರೆ ಬೇರೆ. ಕೆಲವು ಫಂಡುಗಳು ಸರ್ಕಾರಿ ಬಾಂಡ್ ಕೊಳ್ಳುತ್ತವೆ, ಕೆಲವು ದೊಡ್ಡ ಬ್ಯಾಂಕು ಮತ್ತು ಸಾರ್ವಜನಿಕ ವಲಯದ ಕಂಪನಿಗಳಿಗೆ ಸಾಲ ಕೊಡುತ್ತವೆ, ಇನ್ನು ಕೆಲವು ಕಡಿಮೆ ರೇಟಿಂಗ್ ಇರುವ ಕಂಪನಿಗಳಿಗೂ ಕೊಡುತ್ತವೆ. ಬಂದ ಬಡ್ಡಿಯಲ್ಲಿ ಫಂಡ್ ಹೌಸ್ ತನ್ನ ಖರ್ಚು ಕಳೆದುಕೊಂಡು ಉಳಿದದ್ದನ್ನು ಎನ್‌ಎವಿಗೆ ಸೇರಿಸುತ್ತದೆ. ಇದರಿಂದ ಒಂದು ಸರಳ ನಿಯಮ ಹೊರಡುತ್ತೆ: ಒಳಗಿರುವ ಬಾಂಡುಗಳು ಎಷ್ಟು ಗಳಿಸುತ್ತವೋ ಅದರಲ್ಲಿ ಖರ್ಚು ಕಳೆದಷ್ಟೇ ಫಂಡ್ ಕೊಡಬಲ್ಲದು. ಅದಕ್ಕಿಂತ ಹೆಚ್ಚು ಬಂದರೆ ಆ ಹೆಚ್ಚಿನದಕ್ಕೆ ಎಲ್ಲೋ ಒಂದು ಕಡೆ ಬೆಲೆ ಕಟ್ಟಿರುತ್ತಾರೆ.

ಇದನ್ನ 2025ಕ್ಕೆ ಅನ್ವಯಿಸಿ ನೋಡಿ. ಆ ವರ್ಷ ರಿಸರ್ವ್ ಬ್ಯಾಂಕ್ ಫೆಬ್ರವರಿಯಿಂದ ಜೂನ್ ಒಳಗೆ ರೆಪೊ ದರವನ್ನ 6.5ರಿಂದ 5.5ಕ್ಕೆ ಇಳಿಸಿತು. ಹತ್ತು ವರ್ಷದ ಸರ್ಕಾರಿ ಬಾಂಡಿನ ಇಳುವರಿ ಶೇ. 6.3ರ ಆಸುಪಾಸಿಗೆ ಬಂತು. ಆದರೆ ಎನ್‌ಎಸ್‌ಸಿ ಬಡ್ಡಿ 2023ರ ಏಪ್ರಿಲ್‌ನಲ್ಲಿ ನಿಗದಿಯಾದ ಶೇ. 7.7ರಲ್ಲೇ ನಿಂತಿತ್ತು. ಹಣಕಾಸು ಸಚಿವಾಲಯ ಈ ದರಗಳನ್ನ ಮೂರು ತಿಂಗಳಿಗೊಮ್ಮೆ ಪರಿಶೀಲಿಸುತ್ತೆ ನಿಜ, ಆದರೆ ಮಾರುಕಟ್ಟೆ ಇಳಿದಷ್ಟೇ ಬೇಗ ಇಳಿಸೋದಿಲ್ಲ. ಅಂದರೆ ಒಂದೇ ಸರ್ಕಾರ ಮಾರುಕಟ್ಟೆಯಿಂದ ಸಾಲ ಪಡೆದರೆ ಸುಮಾರು 6.3 ಕೊಡ್ತಿತ್ತು, ಶ್ರುತಿಯಿಂದ ಪಡೆದರೆ 7.7. ಇಂಥ ಹೊತ್ತಲ್ಲಿ ಸರ್ಕಾರಿ ಬಾಂಡ್ ಕೊಳ್ಳುವ ಫಂಡು ಬರೀ ಬಡ್ಡಿಯಿಂದ 7.7 ಮುಟ್ಟೋಕೆ ಆಗಲ್ಲ. ಮುಟ್ಟಬೇಕಂದ್ರೆ ಎರಡು ದಾರಿ: ಕಡಿಮೆ ರೇಟಿಂಗ್ ಇರೋರಿಗೆ ಸಾಲ ಕೊಡೋದು, ಇಲ್ಲವೇ ದೀರ್ಘಾವಧಿ ಬಾಂಡ್ ಕೊಂಡು ದರ ಇನ್ನೂ ಇಳಿಯಲಿ ಅಂತ ಕಾಯೋದು.

ಭದ್ರತೆ: ಆ ಎರಡು ದಾರಿಗಳ ಬೆಲೆ

ಮೊದಲ ದಾರಿಯ ಬೆಲೆ ಏನು ಅನ್ನೋದು 2020ರ ಏಪ್ರಿಲ್ 23ರಂದು ಗೊತ್ತಾಯ್ತು. ಅವತ್ತು ಫ್ರಾಂಕ್ಲಿನ್ ಟೆಂಪಲ್ಟನ್ ತನ್ನ ಆರು ಡೆಟ್ ಫಂಡುಗಳನ್ನ ಮುಚ್ಚುವುದಾಗಿ ಪ್ರಕಟಿಸಿತು. ಅವುಗಳಲ್ಲಿದ್ದ ಒಟ್ಟು ಹಣ 25 ಸಾವಿರ ಕೋಟಿಗೂ ಹೆಚ್ಚು. ಕಡಿಮೆ ರೇಟಿಂಗಿನ ಕಾಗದಗಳು ಅವುಗಳಲ್ಲಿ ಹೆಚ್ಚಾಗಿದ್ದವು. ಲಾಕ್‌ಡೌನ್ ಹೊತ್ತಲ್ಲಿ ಹೂಡಿಕೆದಾರರು ಹಣ ವಾಪಸ್ ಕೇಳಲು ಶುರು ಮಾಡಿದಾಗ ಆ ಕಾಗದಗಳನ್ನ ಕೊಳ್ಳೋರು ಇರಲಿಲ್ಲ. ಆರರಲ್ಲಿ ಒಂದರ ಹೆಸರು ಅಲ್ಟ್ರಾ ಶಾರ್ಟ್ ಬಾಂಡ್ ಫಂಡ್. ಹೆಸರು ಕೇಳಿದರೆ ಉಳಿತಾಯ ಖಾತೆಯ ಪಕ್ಕದ ಮನೆ ಅನ್ನಿಸುತ್ತೆ. ಆದರೆ "ಅಲ್ಟ್ರಾ ಶಾರ್ಟ್" ಅನ್ನೋದು ಸಾಲ ಎಷ್ಟು ದಿನದ್ದು ಅಂತ ಹೇಳುತ್ತೆ, ಸಾಲ ಯಾರಿಗೆ ಅಂತ ಹೇಳೋದಿಲ್ಲ.

ಕೊನೆಗೆ ಹಣ ವಾಪಸ್ ಬಂತು, ಮುಚ್ಚಿದ ದಿನದ ಮೌಲ್ಯಕ್ಕಿಂತ ಹೆಚ್ಚೇ ಬಂತು. ಆದರೆ ಮೊದಲ ಕಂತು ಸಿಕ್ಕಿದ್ದು 2021ರ ಫೆಬ್ರವರಿಯಲ್ಲಿ, ಉಳಿದದ್ದು ಅದಾದ ಮೇಲೆ ಕಂತು ಕಂತಾಗಿ. ಸುಮಾರು ಹತ್ತು ತಿಂಗಳು, ಅದೂ ಕೆಲಸ ಹೋಗುವ ಕಾಲದಲ್ಲಿ, "ಯಾವಾಗ ಬೇಕಾದ್ರೂ ತೆಗೀಬಹುದು" ಅಂತ ಇಟ್ಟ ಹಣ ಸಿಗಲಿಲ್ಲ. ಭದ್ರತೆ ಅಂದರೆ ಹಣ ಬರುತ್ತೋ ಇಲ್ಲವೋ ಅನ್ನೋದಷ್ಟೇ ಅಲ್ಲ, ಬೇಕಾದಾಗ ಬರುತ್ತೋ ಅನ್ನೋದೂ ಹೌದು.

ಎರಡನೇ ದಾರಿಯ ಬೆಲೆ ಬಡ್ಡಿದರದ್ದು. ಫಂಡಿನ ಹತ್ತಿರ ಶೇ. 7 ಬಡ್ಡಿ ಕೊಡುವ ಹತ್ತು ವರ್ಷದ ಬಾಂಡ್ ಇದೆ ಅಂದ್ಕೊಳ್ಳಿ. ನಾಳೆ ಮಾರುಕಟ್ಟೆಗೆ ಶೇ. 8 ಕೊಡುವ ಹೊಸ ಬಾಂಡ್ ಬಂದರೆ ಹಳೆಯದನ್ನ ಪೂರ್ತಿ ಬೆಲೆಗೆ ಯಾರು ಕೊಳ್ತಾರೆ? ಬೆಲೆ ಇಳಿಯಲೇಬೇಕು. ಎಷ್ಟು ಇಳಿಯುತ್ತೆ ಅಂತ ಅಂದಾಜು ಹಾಕೋಕೆ ಫಂಡಿನ ಫ್ಯಾಕ್ಟ್‌ಶೀಟಿನಲ್ಲಿ ಮಾಡಿಫೈಡ್ ಡ್ಯುರೇಷನ್ ಅನ್ನೋ ಸಂಖ್ಯೆ ಇರುತ್ತೆ. ಅದು 7 ಇದ್ದು ದರ ಒಂದು ಶೇಕಡಾ ಏರಿದರೆ, ಎನ್‌ಎವಿ ಸುಮಾರು ಶೇ. 7ರಷ್ಟು ಕುಸಿಯುತ್ತೆ. ಒಂದು ಇಡೀ ವರ್ಷದ ಬಡ್ಡಿ ಹೋದ ಹಾಗೆ. ಅದೇ ಸಂಖ್ಯೆ 0.5 ಇದ್ದರೆ ಕುಸಿತ ಅರ್ಧ ಶೇಕಡಾ, ಒಂದು ತಿಂಗಳಲ್ಲಿ ತುಂಬಿಕೊಳ್ಳುವಂಥದ್ದು. 2022ರ ಮೇನಿಂದ 2023ರ ಫೆಬ್ರವರಿ ಒಳಗೆ ರೆಪೊ ದರ 4ರಿಂದ 6.5ಕ್ಕೆ ಏರಿತ್ತು, ಹಾಗಾಗಿ ಇದು ಬರೀ ಪುಸ್ತಕದ ಮಾತಲ್ಲ. ಸರ್ಕಾರಿ ಬಾಂಡ್ ಮಾತ್ರ ಇಟ್ಟುಕೊಳ್ಳುವ ಗಿಲ್ಟ್ ಫಂಡಿನಲ್ಲಿ ಸಾಲ ಮುಳುಗುವ ಭಯ ಇಲ್ಲ, ಆದರೆ ಈ ಭಯ ಪೂರ್ತಿ ಇದೆ. "ಸರ್ಕಾರಿ ಬಾಂಡು, ಹಾಗಾಗಿ ಸೇಫು" ಅನ್ನೋರು ಮರೆಯೋದು ಇದನ್ನೇ.

ಎನ್‌ಎಸ್‌ಸಿಯಲ್ಲಿ ಇದೆರಡೂ ಇಲ್ಲ. ಕೊಂಡ ದಿನದ ದರ ಐದು ವರ್ಷಕ್ಕೂ ಖಾಯಂ. ಪಿಪಿಎಫ್ ಹಾಗಲ್ಲ ಅನ್ನೋದನ್ನ ಗಮನಿಸಿ. ಅದರ ಅಸಲಿಗೆ ಸರ್ಕಾರವೇ ಹೊಣೆಯಾದರೂ ದರ ಬದಲಾಗುತ್ತಾ ಇರುತ್ತೆ. ಒಂದು ಕಾಲಕ್ಕೆ ಶೇ. 12 ಇದ್ದದ್ದು 2020ರ ಏಪ್ರಿಲ್‌ನಲ್ಲಿ 7.1ಕ್ಕೆ ಬಂತು.

ಬೀಗ: ಎಷ್ಟು ಗಟ್ಟಿ?

ಭದ್ರತೆಯಲ್ಲಿ ಅಂಚೆ ಕಚೇರಿ ಗೆದ್ದಿತು. ಅದಕ್ಕೆ ಕೊಡಬೇಕಾದ ಬೆಲೆ ಬೀಗ. ಎನ್‌ಎಸ್‌ಸಿ ಬೀಗ ಬಹಳ ಗಟ್ಟಿ. ಖಾತೆದಾರರು ತೀರಿಕೊಂಡರೆ, ನ್ಯಾಯಾಲಯ ಆದೇಶ ಕೊಟ್ಟರೆ ಅಥವಾ ಅಡವಿಟ್ಟು ತೀರಿಸದೆ ಹೋದರೆ ಮಾತ್ರ ಐದು ವರ್ಷದ ಮೊದಲು ತೆರೆಯುತ್ತೆ. ದಂಡ ಕಟ್ಟಿ ತೆಗೀತೀನಿ ಅಂದರೂ ಆಗಲ್ಲ. ತುರ್ತು ಬಂದರೆ ಇರೋ ದಾರಿ ಅದನ್ನ ಅಡವಿಟ್ಟು ಬ್ಯಾಂಕಿನಲ್ಲಿ ಸಾಲ ಪಡೆಯೋದು. ಆಗ ಶ್ರುತಿ ತನ್ನದೇ ಹಣಕ್ಕೆ 7.7 ಪಡೆದು ಅದಕ್ಕಿಂತ ಹೆಚ್ಚಿನ ಬಡ್ಡಿ ಕಟ್ಟಬೇಕಾಗುತ್ತೆ.

ಪಿಪಿಎಫ್ ಬೀಗ ಉದ್ದ, ಆದರೆ ನಡುವೆ ಸಣ್ಣ ಕಿಂಡಿಗಳಿವೆ. ಮೂರನೇ ವರ್ಷದಿಂದ ಆರನೇ ವರ್ಷದವರೆಗೆ ಸಾಲ ಪಡೆಯಬಹುದು. ಏಳನೇ ಹಣಕಾಸು ವರ್ಷದಿಂದ ವರ್ಷಕ್ಕೊಮ್ಮೆ ಒಂದು ಭಾಗ ತೆಗೆಯಬಹುದು. ಮಿತಿ ಎರಡು ಸಂಖ್ಯೆಗಳಲ್ಲಿ ಕಡಿಮೆ ಇರೋದರ ಅರ್ಧ: ಹಿಂದಿನ ವರ್ಷದ ಕೊನೆಯ ಶಿಲ್ಕು ಒಂದು, ನಾಲ್ಕು ವರ್ಷ ಹಿಂದಿನ ಶಿಲ್ಕು ಇನ್ನೊಂದು.

ಡೆಟ್ ಫಂಡಿಗೆ ಬೀಗವೇ ಇಲ್ಲ. ಮಾರಿದರೆ ಎರಡು-ಮೂರು ಕೆಲಸದ ದಿನದೊಳಗೆ ಹಣ ಖಾತೆಗೆ ಬರುತ್ತೆ. ಕೆಲವು ಫಂಡುಗಳಲ್ಲಿ ಬೇಗ ಮಾರಿದರೆ ಸ್ವಲ್ಪ ಎಕ್ಸಿಟ್ ಲೋಡ್ ಇರುತ್ತೆ. ಲಿಕ್ವಿಡ್ ಫಂಡಿನಲ್ಲಿ ಅದು ಮೊದಲ ಏಳು ದಿನದೊಳಗೆ ಮಾರಿದರೆ ಮಾತ್ರ. ಡೆಟ್ ಫಂಡಿನ ನಿಜವಾದ ಬಲ ಇರೋದು ಇಲ್ಲಿ, ಹೆಚ್ಚು ಗಳಿಕೆಯಲ್ಲಿ ಅಲ್ಲ.

ತೆರಿಗೆ ಕಳೆದು ಕೈಗೆಷ್ಟು?

ಹಳೆಯ ಬ್ಲಾಗುಗಳಲ್ಲಿ ಡೆಟ್ ಫಂಡಿಗೆ ತೆರಿಗೆ ಕಡಿಮೆ ಅಂತ ಬರೆದಿರೋದು ಓದಿರ್ತೀರಿ. ಒಂದು ಕಾಲಕ್ಕೆ ಅದು ನಿಜವಾಗಿತ್ತು. ಮೂರು ವರ್ಷ ಇಟ್ಟರೆ ಹಣದುಬ್ಬರ ಕಳೆದು ಉಳಿದ ಲಾಭಕ್ಕೆ ಮಾತ್ರ ಶೇ. 20 ತೆರಿಗೆ ಇತ್ತು. 2023ರ ಏಪ್ರಿಲ್ 1 ಅಥವಾ ಅದರ ನಂತರ ಕೊಂಡ ಯೂನಿಟ್‌ಗಳಿಗೆ ಆ ಸೌಲಭ್ಯ ಇಲ್ಲ. ಎಷ್ಟು ವರ್ಷ ಇಟ್ಟರೂ ಲಾಭವನ್ನ ನಿಮ್ಮ ಆದಾಯಕ್ಕೆ ಸೇರಿಸಿ ನಿಮ್ಮ ಸ್ಲ್ಯಾಬ್ ಪ್ರಕಾರವೇ ತೆರಿಗೆ. ಎನ್‌ಎಸ್‌ಸಿ ಬಡ್ಡಿಗೂ ಅದೇ ಸ್ಲ್ಯಾಬ್ ದರ. ಪಿಪಿಎಫ್ ಬಡ್ಡಿಗೆ ಮಾತ್ರ ತೆರಿಗೆಯೇ ಇಲ್ಲ, ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೂ ಇಲ್ಲ.

ಹಾಗಾದರೆ ಎನ್‌ಎಸ್‌ಸಿ ಮತ್ತು ಫಂಡಿನ ನಡುವೆ ತೆರಿಗೆಯಲ್ಲಿ ಉಳಿದಿರುವ ವ್ಯತ್ಯಾಸ ಒಂದೇ: ಯಾವಾಗ ಕಟ್ಟಬೇಕು ಅನ್ನೋದು. ಎನ್‌ಎಸ್‌ಸಿ ಬಡ್ಡಿ ಕೈಗೆ ಬರೋದು ಕೊನೆಗೇ ಆದರೂ ವರ್ಷ ವರ್ಷ ಸೇರಿದ ಬಡ್ಡಿಯನ್ನ ಆಯಾ ವರ್ಷದ ಆದಾಯವಾಗಿ ತೋರಿಸಬಹುದು. ಫಂಡಿನಲ್ಲಿ ಮಾರುವ ತನಕ ತೆರಿಗೆ ಇಲ್ಲ, ಆ ಹಣವೂ ಒಳಗೇ ಬೆಳೆಯುತ್ತಾ ಇರುತ್ತೆ. ಈ ಮುಂದೂಡಿಕೆಗೆ ಎಷ್ಟು ಬೆಲೆ? ಶೇ. 30ರ ಸ್ಲ್ಯಾಬಿನವರಿಗೆ, ಸೆಸ್ ಸೇರಿ ಶೇ. 31.2 ತೆರಿಗೆ ಇಟ್ಟು ನೋಡೋಣ:

```python
P, n, r, t = 100000, 5, 0.077, 0.312
nsc  = P * (1 + r*(1-t))**n
fund = ((nsc/P - 1)/(1-t) + 1)**(1/n) - 1
print(round(nsc), round(fund*100, 2))
# 129447 7.39
```

ಎರಡನೇ ಸಾಲು ಎನ್‌ಎಸ್‌ಸಿಗೆ ವರ್ಷ ವರ್ಷ ತೆರಿಗೆ ಕಳೆಯುತ್ತೆ. ಮೂರನೇ ಸಾಲು, ಅಷ್ಟೇ ಹಣ ಉಳಿಸಲು ಕೊನೆಗೆ ಒಮ್ಮೆ ತೆರಿಗೆ ಕಟ್ಟುವ ಫಂಡು ಎಷ್ಟು ಗಳಿಸಬೇಕು ಅಂತ ಹುಡುಕುತ್ತೆ. ಉತ್ತರ 7.39. ಅಂದರೆ ಅತಿ ಹೆಚ್ಚು ತೆರಿಗೆ ಕಟ್ಟೋರಿಗೂ ಮುಂದೂಡಿಕೆಯಿಂದ ಸಿಗುವ ಅನುಕೂಲ ವರ್ಷಕ್ಕೆ ಸುಮಾರು 0.3 ಶೇಕಡಾ. ಫಂಡು ಖರ್ಚು ಕಳೆದು 7.4 ಕೊಟ್ಟರೆ ಸಮ, ಇಲ್ಲದಿದ್ದರೆ ಎನ್‌ಎಸ್‌ಸಿ ಮುಂದೆ.

ಇದು ಸ್ಲ್ಯಾಬ್ ಬದಲಾಗದವರ ಲೆಕ್ಕ. ಶ್ರುತಿಯದ್ದು ಹಾಗಲ್ಲ. 2025-26ರ ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷದವರೆಗಿನ ತೆರಿಗೆಯ ಆದಾಯಕ್ಕೆ ರಿಯಾಯಿತಿ ಸೇರಿ ತೆರಿಗೆ ಸೊನ್ನೆ. ಹಾಗಾಗಿ ಈಗ ಅವಳು ಏನೂ ಕಟ್ಟಬೇಕಿಲ್ಲ. ನಿಯಮ ಹೀಗೇ ಇದ್ದು, ಮೂರು ವರ್ಷ ಅದೇ ಸ್ಥಿತಿಯಲ್ಲಿದ್ದು, ನಾಲ್ಕನೇ ವರ್ಷ ಕಂಪನಿ ಬದಲಿಸಿ ಶೇ. 20ರ ಸ್ಲ್ಯಾಬಿಗೆ, ಸೆಸ್ ಸೇರಿ 20.8ಕ್ಕೆ, ಹೋದಳು ಅಂದ್ಕೊಳ್ಳೋಣ.

ಅವಳ 1 ಲಕ್ಷದ ಎನ್‌ಎಸ್‌ಸಿಗೆ ವರ್ಷ ವರ್ಷ ಸೇರುವ ಬಡ್ಡಿ ಹೀಗೆ: 7,700, 8,293, 8,931, 9,619, 10,360. ಒಟ್ಟು 44,903. ಮೊದಲ ಮೂರು ವರ್ಷದ ಬಡ್ಡಿಯನ್ನ ಆಯಾ ವರ್ಷದ ರಿಟರ್ನ್‌ನಲ್ಲಿ ತೋರಿಸಿದರೆ ತೆರಿಗೆ ಸೊನ್ನೆ. ಕೊನೆಯ ಎರಡು ವರ್ಷದ 19,979ಕ್ಕೆ ಮಾತ್ರ ತೆರಿಗೆ, ಅದು 4,156. ಕೈಗೆ ಉಳಿಯೋದು 1,40,747.

ಫಂಡು ಖರ್ಚು ಕಳೆದು ಶೇ. 7 ಕೊಟ್ಟಿತು ಅನ್ನೋಣ. ಮೇಲೆ ಹೇಳಿದ ಬಾಂಡ್ ಇಳುವರಿಗೆ ಹೋಲಿಸಿದರೆ ಇದು ಫಂಡಿನ ಪರವಾಗಿ ಉದಾರವಾದ ಊಹೆಯೇ. ಐದು ವರ್ಷಕ್ಕೆ ಲಾಭ 40,255. ಪೂರ್ತಿ ಲಾಭ ಮಾರಿದ ವರ್ಷಕ್ಕೆ ಸೇರುವುದರಿಂದ ಎಲ್ಲದಕ್ಕೂ 20.8, ಅಂದರೆ 8,373 ತೆರಿಗೆ. ಉಳಿಯೋದು 1,31,882. ಎನ್‌ಎಸ್‌ಸಿಗಿಂತ ಸುಮಾರು 8,900 ಕಡಿಮೆ.

ಇಲ್ಲೊಂದು ತಿರುವು ಇದೆ. ಫಂಡು ಪೂರ್ತಿ 7.7 ಕೊಟ್ಟರೂ ಶ್ರುತಿಗೆ ಉಳಿಯೋದು 1,35,563 ಮಾತ್ರ. ಗಳಿಕೆ ಒಂದೇ ಇದ್ದರೂ ತೆರಿಗೆ ಬಿದ್ದ ವರ್ಷದಿಂದಾಗಿ 5 ಸಾವಿರಕ್ಕೂ ಹೆಚ್ಚು ಹೋಯಿತು. ತೆರಿಗೆ ಮುಂದೂಡೋದು ಯಾವಾಗಲೂ ಲಾಭ ಅನ್ನೋ ಮಾತು, ಮುಂದೆ ಆದಾಯ ಇಳಿಯುವವರಿಗೆ, ಉದಾಹರಣೆಗೆ ನಿವೃತ್ತಿ ಹತ್ತಿರ ಇರುವವರಿಗೆ, ಸರಿ. ಈಗ ತೆರಿಗೆ ಇಲ್ಲದೆ ಮುಂದೆ ಹೆಚ್ಚು ಕಟ್ಟಬೇಕಾದ ನಮ್ಮಂಥವರಿಗೆ ಅದು ಉಲ್ಟಾ. ಫಂಡ್ ಇಟ್ಟುಕೊಂಡವರು ಇದನ್ನ ಸರಿಪಡಿಸಬಹುದು: ಆ ಲಾಭ ಸೇರಿಯೂ ಆದಾಯ ಮಿತಿಯೊಳಗೆ ಇರುವ ವರ್ಷ, ಮಾರ್ಚ್ ಮುಗಿಯೋ ಮೊದಲು ಮಾರಿ, ಮತ್ತೆ ಕೊಂಡರೆ ಆವರೆಗಿನ ಲಾಭಕ್ಕೆ ತೆರಿಗೆ ಬೀಳದೆ ಕೊಂಡ ಬೆಲೆ ಹೊಸದಾಗುತ್ತೆ. ಎಕ್ಸಿಟ್ ಲೋಡ್ ಇದೆಯಾ ಅಂತ ಮಾತ್ರ ನೋಡಿಕೊಳ್ಳಿ.

ಎನ್‌ಎಸ್‌ಸಿಯ ಅನುಕೂಲವೂ ತಾನಾಗಿ ಬರಲ್ಲ. ಶ್ರುತಿ ಮೊದಲ ವರ್ಷದಿಂದಲೇ "ಇತರ ಮೂಲಗಳ ಆದಾಯ"ದಲ್ಲಿ ಬಡ್ಡಿ ತೋರಿಸಬೇಕು, ಅದೇ ಪದ್ಧತಿಯನ್ನ ಕೊನೆವರೆಗೂ ಮುಂದುವರಿಸಬೇಕು. ತೆರಿಗೆ ಹೇಗೂ ಸೊನ್ನೆ ಅಂತ ಬಿಟ್ಟರೆ ಐದನೇ ವರ್ಷ ಪೂರ್ತಿ 44,903 ಒಟ್ಟಿಗೆ ಲೆಕ್ಕಕ್ಕೆ ಬಂದು 9,340 ತೆರಿಗೆ ಬೀಳುತ್ತೆ. ಹಳೆಯ ರಿಟರ್ನ್ ಪ್ರತಿಗಳನ್ನ ಜೋಪಾನವಾಗಿ ಇಟ್ಟುಕೊಳ್ಳಬೇಕು. ಕೊನೆಗೆ ಇಡೀ ಮೊತ್ತ ಖಾತೆಗೆ ಬಂದಾಗ, ಇಷ್ಟನ್ನ ಆಗಲೇ ತೋರಿಸಿದ್ದೀನಿ ಅನ್ನೋದಕ್ಕೆ ಅವೇ ಸಾಕ್ಷಿ.

ಪಿಪಿಎಫ್ ಲೆಕ್ಕ ಬೇರೆ. ಒಂದೇ ಬಾರಿ ಹಾಕಿದ 1 ಲಕ್ಷ, ದರ 7.1ರಲ್ಲೇ ನಿಂತರೆ, ಹದಿನೈದು ವರ್ಷಕ್ಕೆ ಸುಮಾರು 2,79,800 ಆಗುತ್ತೆ, ತೆರಿಗೆ ಇಲ್ಲ. ಅದಕ್ಕೆ ಸಮ ಆಗಲು 31.2ರ ತೆರಿಗೆ ಕಟ್ಟೋರ ಫಂಡು ಹದಿನೈದು ವರ್ಷವೂ ಸರಾಸರಿ ಶೇ. 8.9 ಗಳಿಸಬೇಕು. ಒಳ್ಳೆ ರೇಟಿಂಗಿನ ಬಾಂಡ್ ಇಟ್ಟುಕೊಂಡು ಅದು ಬಹಳ ಕಷ್ಟ. ತೆರಿಗೆ ಕಟ್ಟದವರಿಗೆ ಮಾತ್ರ ಪಿಪಿಎಫ್‌ನ ಈ ವಿಶೇಷ ಕಾಣಲ್ಲ. ಈ ವರ್ಷ ಶ್ರುತಿಗೆ 7.1ಕ್ಕಿಂತ 7.7 ಮೇಲು.

ಹಾಗಾದರೆ ಎಲ್ಲವನ್ನೂ ಎನ್‌ಎಸ್‌ಸಿಗೆ ಹಾಕೋದಾ?

ಬೇಡ. ಮೇಲಿನ ಲೆಕ್ಕ ಗೆಲ್ಲೋದು ಐದು ವರ್ಷ ಆ ಹಣ ಮುಟ್ಟದಿದ್ದರೆ ಮಾತ್ರ. ನಡುವೆ ಕೆಲಸ ಹೋಯ್ತು, ಮನೆಯಲ್ಲಿ ಆಸ್ಪತ್ರೆ ಖರ್ಚು ಬಂತು, ಎಂಟೆಕ್‌ಗೆ ಸೀಟು ಸಿಕ್ಕಿತು, ಆಗ 7.7 ಸಹಾಯಕ್ಕೆ ಬರಲ್ಲ. ಹಾಗಾಗಿ ಹಣವನ್ನ ಬೇಕಾಗುವ ದಿನದ ಪ್ರಕಾರ ಭಾಗ ಮಾಡಬೇಕು.

ಯಾವಾಗ ಬೇಕೋ ಗೊತ್ತಿಲ್ಲದ ಹಣ, ಶ್ರುತಿಯದ್ದು 40,000 ಅನ್ನೋಣ, ಲಿಕ್ವಿಡ್ ಅಥವಾ ಮನಿ ಮಾರ್ಕೆಟ್ ಫಂಡಿಗೆ. ಐದು ವರ್ಷ ಬೇಡ ಅಂತ ಖಚಿತವಾಗಿರುವ 59,500 ಎನ್‌ಎಸ್‌ಸಿಗೆ. ಮುಂದಿನ ವರ್ಷಗಳಲ್ಲೂ ಹೀಗೇ ಒಂದೊಂದು ಪತ್ರ ಕೊಂಡರೆ ಐದನೇ ವರ್ಷದಿಂದ ಪ್ರತಿ ವರ್ಷ ಒಂದು ಪತ್ರ ಮಾಗುತ್ತೆ, ಆಗ ಬೀಗದ ಭಾರ ತಾನೇ ಕಡಿಮೆಯಾಗುತ್ತೆ. ಉಳಿದ 500 ರೂಪಾಯಿಗೆ ಒಂದು ಪಿಪಿಎಫ್ ಖಾತೆ. ಅದಕ್ಕೆ ವರ್ಷದ ಕನಿಷ್ಠ ಅಷ್ಟೇ. ಹದಿನೈದು ವರ್ಷದ ಗಡಿಯಾರ ಓಡೋದು ಖಾತೆ ತೆರೆದ ಹಣಕಾಸು ವರ್ಷದ ಕೊನೆಯಿಂದ, ದೊಡ್ಡ ಮೊತ್ತ ಹಾಕಿದ ದಿನದಿಂದಲ್ಲ. ಮುಂದೆ ಶೇ. 30ರ ಸ್ಲ್ಯಾಬಿಗೆ ಬಂದು ವರ್ಷದ ಮಿತಿಯಾದ 1.5 ಲಕ್ಷ ಹಾಕುವ ಹೊತ್ತಿಗೆ ಬೀಗದ ಒಂದಷ್ಟು ವರ್ಷ ಆಗಲೇ ಕಳೆದಿರುತ್ತೆ.

ಫಂಡ್ ಆರಿಸುವಾಗ ಹಿಂದಿನ ವರ್ಷದ ಗಳಿಕೆ ನೋಡಬೇಡಿ. ದರ ಇಳಿದ ವರ್ಷ ದೀರ್ಘಾವಧಿ ಫಂಡುಗಳೇ ಪಟ್ಟಿಯ ಮೇಲೆ ಇರುತ್ತವೆ, ದರ ಏರಿದ ವರ್ಷ ಅವೇ ಕೆಳಗೆ. ಫ್ಯಾಕ್ಟ್‌ಶೀಟ್ ತೆಗೆದು ಮೂರು ಸಂಖ್ಯೆ ನೋಡಿ. ಮಾಡಿಫೈಡ್ ಡ್ಯುರೇಷನ್ ಒಂದು ವರ್ಷಕ್ಕಿಂತ ಕಡಿಮೆ ಇರಲಿ. ರೇಟಿಂಗ್ ಪಟ್ಟಿಯಲ್ಲಿ ಸರ್ಕಾರಿ ಕಾಗದ ಮತ್ತು ಅತ್ಯುನ್ನತ ರೇಟಿಂಗಿನದ್ದೇ ಹೆಚ್ಚುಕಡಿಮೆ ಪೂರ್ತಿ ಇರಲಿ. ಮೂರನೆಯದು ವೈಟಿಎಂ, ಅಂದರೆ ಒಳಗಿನ ಬಾಂಡುಗಳ ಇಳುವರಿ. ಅದೇ ಬಗೆಯ ಬೇರೆ ಫಂಡುಗಳಿಗಿಂತ ಅದು ಅರ್ಧ ಶೇಕಡಾ ಮೇಲಿದ್ದರೆ ಖುಷಿಪಡೋ ಮೊದಲು ಪುಟ ತಿರುವಿ, ಆ ಅರ್ಧ ಶೇಕಡಾ ಯಾವ ಕಂಪನಿಯಿಂದ ಬರ್ತಾ ಇದೆ ಅಂತ ಹುಡುಕಿ. ಸೆಬಿ ನಿಯಮದ ಪ್ರಕಾರ ಪ್ರತಿ ಡೆಟ್ ಫಂಡೂ ತಾನು ಹೆಚ್ಚೆಂದರೆ ಎಷ್ಟು ರಿಸ್ಕ್ ತಗೋಬಹುದು ಅನ್ನೋದನ್ನ A-Iರಿಂದ C-IIIವರೆಗಿನ ಒಂದು ಚೌಕದಲ್ಲಿ ತೋರಿಸಲೇಬೇಕು. ಅಕ್ಷರ ಸಾಲದ ರಿಸ್ಕು, ಅಂಕೆ ಬಡ್ಡಿದರದ ರಿಸ್ಕು. ತುರ್ತಿನ ಹಣಕ್ಕೆ A-I ಮನೆ ಅತ್ಯಂತ ಸುರಕ್ಷಿತ. ಲಿಕ್ವಿಡ್ ಫಂಡುಗಳಲ್ಲಿ ಹಲವು B-I ಮನೆಯಲ್ಲಿರುತ್ತವೆ, ಅಲ್ಲಿ ರೇಟಿಂಗ್ ಪಟ್ಟಿಯನ್ನ ಇನ್ನಷ್ಟು ಗಮನವಿಟ್ಟು ನೋಡಬೇಕು. C ಅಕ್ಷರ ಕಂಡರೆ ಅದು ಶ್ರುತಿಯಂಥವರಿಗಲ್ಲ.

ಕೊನೆಯದಾಗಿ, ಎನ್‌ಎಸ್‌ಸಿ ಕೊಳ್ಳೋ ದಿನ ಚಾಲ್ತಿಯಲ್ಲಿರುವ ದರ ಎಷ್ಟು ಅಂತ ಅಂಚೆ ಕಚೇರಿಯಲ್ಲೇ ಕೇಳಿ, ಆ ಸಂಖ್ಯೆಯನ್ನ ಮೇಲಿನ ಕೋಡಿನ r ಜಾಗದಲ್ಲಿ, ನಿಮ್ಮ ತೆರಿಗೆಯನ್ನ t ಜಾಗದಲ್ಲಿ ಹಾಕಿ ಓಡಿಸಿ. ಬರುವ ಸಂಖ್ಯೆ ನಿಮ್ಮ ಫಂಡಿನ ವೈಟಿಎಂನಲ್ಲಿ ಖರ್ಚು ಕಳೆದದ್ದಕ್ಕಿಂತ ಹೆಚ್ಚಿದ್ದರೆ, ಐದು ವರ್ಷ ಬೇಡದ ಹಣ ಎಲ್ಲಿಗೆ ಹೋಗಬೇಕು ಅನ್ನೋದಕ್ಕೆ ಅದೇ ಉತ್ತರ.